ಫೈನಲ್‌ನಲ್ಲಿ 103 ಬರಬೇಕಾ? ಯಾರಾದರೂ ಹೇಳಿ

ಹಾಸನದಮ್ಮ, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಮಗಳು ಕಾಲೇಜಿನ ಮೊದಲ ವರ್ಷ. ಕೆಮಿಸ್ಟ್ರಿ ಮಿಡ್‌ಟರ್ಮ್‌ಗಳಲ್ಲಿ 58, ಹೋಂವರ್ಕ್‌ನಲ್ಲಿ 95 ಬಂದಿದೆ. ಮಿಡ್‌ಟರ್ಮ್‌ಗೆ 50 ಪರ್ಸೆಂಟ್, ಹೋಂವರ್ಕ್‌ಗೆ 10, ಫೈನಲ್‌ಗೆ 40. ಬಿ ಗ್ರೇಡಿಗೆ ಒಟ್ಟು 80 ಬೇಕು. ಲೆಕ್ಕ ಹಾಕಿದರೆ ಫೈನಲ್‌ನಲ್ಲಿ 103.75 ಬರಬೇಕು! ನಿನ್ನೆ ರಾತ್ರಿ ಕಲಸಿದ ಅನ್ನ ಹಾಗೇ ಬಿಟ್ಟು ಎದ್ದುಹೋದಳು. ಕೋರ್ಸ್ ಬಿಡಿಸಲಾ? ಏನೋ ಕರ್ವ್ ಇದೆ ಅಂತಾಳೆ.

ಧಾರವಾಡದ ಮೇಷ್ಟ್ರು, ಹ್ಯೂಸ್ಟನ್:
ಈ ಕರ್ವೇ ತಪ್ಪು. ಬರೆದಷ್ಟಕ್ಕೆ ಅಂಕ ಕೊಡಬೇಕು. ಪಕ್ಕದವನು ಕಡಿಮೆ ತೆಗೆದರೆ ನಮ್ಮ ಮಗುವಿಗೆ ಲಾಭ ಅನ್ನೋದು ಎಂಥ ಶಿಕ್ಷಣ? ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಒಪ್ಪಲಾರೆ.

ಡಾಲಸ್ ಕನ್ನಡಿಗ:
ಮೇಷ್ಟ್ರೇ, ನಮ್ಮ ಸಿಇಟಿ ರ್‍ಯಾಂಕೂ ಬೇರೆಯವರ ಮೇಲೇ ನಿಂತಿದೆ, ಅಲ್ವಾ? ಅಕ್ಕಾ, ಸಿಲಬಸ್‌ನಲ್ಲಿ ಕರ್ವ್ ಬಗ್ಗೆ ಏನಿದೆ? ಕ್ಲಾಸ್ ಸರಾಸರಿ ಎಷ್ಟು?

ಮಂಡ್ಯದವರು, ಸಿಯಾಟಲ್:
ದಯವಿಟ್ಟು ಅವಸರ ಮಾಡಬೇಡಿ. ನನ್ನ ಮಗ 49 ಬಂತು ಅಂತ ಫಿಸಿಕ್ಸ್ ಬಿಟ್ಟ. ಕ್ಲಾಸ್ ಸರಾಸರಿ 44 ಇತ್ತು ಅಂತ ಆಮೇಲೆ ಗೊತ್ತಾಯಿತು. ನಾನೇ ಬಿಡು ಅಂದಿದ್ದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಸನದಮ್ಮ:
ಕೊನೆಯ ಒಟ್ಟು ಸರಾಸರಿಯನ್ನು 78ಕ್ಕೆ ಏರಿಸಿ, ಎಲ್ಲರಿಗೂ ಅಷ್ಟೇ ಅಂಕ ಸೇರಿಸುತ್ತಾರಂತೆ. ಕ್ಲಾಸ್ ಸರಾಸರಿ ಮಿಡ್‌ಟರ್ಮ್‌ಗೆ 52, ಹೋಂವರ್ಕ್‌ಗೆ 90.

ಡಾಲಸ್ ಕನ್ನಡಿಗ:
ಹಾಗಾದರೆ 103 ಮರೆತುಬಿಡಿ. ಸರಾಸರಿ 78, ಬಿಗೆ 80. ಅಂದರೆ ಒಟ್ಟಿನಲ್ಲಿ ಕ್ಲಾಸಿಗಿಂತ 2 ಅಂಕ ಮುಂದಿದ್ದರೆ ಸಾಕು. ಈಗ ಅವಳದ್ದು 29 + 9.5 = 38.5. ಕ್ಲಾಸಿನದ್ದು 26 + 9 = 35. ಆಗಲೇ 3.5 ಮುಂದಿದ್ದಾಳೆ. ಹೆಚ್ಚಿರುವ 1.5 ಅನ್ನು 0.4ರಿಂದ ಭಾಗಿಸಿದರೆ 3.75. ಫೈನಲ್‌ನಲ್ಲಿ ಸರಾಸರಿಗಿಂತ 3.75 ಕಡಿಮೆ ಬಂದರೂ ಬಿ ಸಿಗುತ್ತದೆ. ಸರಾಸರಿ 55 ಆದರೆ 51.25 ಸಾಕು, 70 ಆದರೆ 66.25 ಬೇಕು. ಪೇಪರ್ ಸುಲಭವಾದಷ್ಟೂ ಬೇಕಾದ ಅಂಕ ಏರುತ್ತದೆ. ಎ ಗ್ರೇಡಿಗೆ 90 ಬೇಕು ಅಂತಾದರೆ ಮಾತ್ರ ಕಷ್ಟ, ಸರಾಸರಿಗಿಂತ 21.25 ಜಾಸ್ತಿ ಬರಬೇಕು.

ಧಾರವಾಡದ ಮೇಷ್ಟ್ರು:
ಲೆಕ್ಕ ಸರಿ ಇರಬಹುದು. ಆದರೆ ಮಗುವಿಗೆ ಕೆಮಿಸ್ಟ್ರಿ ಎಷ್ಟು ಬಂತು ಅಂತ ಯಾರೂ ಕೇಳುತ್ತಿಲ್ಲ.

ತುಮಕೂರಿನವರು, ಟೊರಾಂಟೊ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಮಗಳು ಯಾವ ಕರ್ವೂ ಇಲ್ಲದೆ 91 ತೆಗೆದಳು.

ಡಾಲಸ್ ಕನ್ನಡಿಗ:
ಅಕ್ಕಾ, ಒಂದು ಮಾತು ಬಿಟ್ಟುಹೋಯಿತು. ಆ 52ರಲ್ಲಿ ಆಮೇಲೆ ಕೋರ್ಸ್ ಬಿಟ್ಟವರ ಅಂಕವೂ ಸೇರಿರಬಹುದು. ಕಡಿಮೆ ಬಂದವರೇ ಜಾಸ್ತಿ ಬಿಡೋದು. ಉಳಿದವರ ಸರಾಸರಿ 56 ಆದರೆ ಅವಳ ಮುನ್ನಡೆ ಬರೀ 1.5. ಆಗ ಫೈನಲ್‌ನಲ್ಲಿ ಸರಾಸರಿಗಿಂತ 1.25 ಜಾಸ್ತಿಯೇ ಬೇಕು. ಬಿಟ್ಟವರನ್ನು ತೆಗೆದು ಸರಾಸರಿ ಎಷ್ಟು ಅಂತ ಅವಳು ಇವತ್ತೇ ಪ್ರೊಫೆಸರ್‌ಗೆ ಮೇಲ್ ಹಾಕಲಿ.

ಹಾಸನದಮ್ಮ:
ಈಗಷ್ಟೇ ಹಾಕಿದಳು. ಎರಡು ದೋಸೆಯನ್ನೂ ತಿಂದಳು.