ಎರಡು ಗಾಡಿಗಳ ನಡುವಿನ ಸ್ಪ್ರಿಂಗ್ ಅತಿ ಹೆಚ್ಚು ಅದುಮಿಕೊಳ್ಳುವುದು ಯಾವ ಕ್ಷಣದಲ್ಲಿ?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ): ನಮಸ್ಕಾರ ಸರ್. ಘರ್ಷಣೆಯಿಲ್ಲದ ಹಳಿಯ ಮೇಲೆ 1 ಕೆ.ಜಿ. ಗಾಡಿಯೊಂದು ನಿಂತಿದೆ, ಅದಕ್ಕೆ ಸ್ಪ್ರಿಂಗ್ ಜೋಡಿಸಿದೆ. 2 ಕೆ.ಜಿ. ಗಾಡಿಯು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದು ಆ ಸ್ಪ್ರಿಂಗಿಗೆ ಬಡಿಯುತ್ತದೆ. ಸ್ಪ್ರಿಂಗ್ ಸ್ಥಿರಾಂಕ ಮೀಟರಿಗೆ 600 ನ್ಯೂಟನ್. ನಾನು ½mv² = ½kx² ಎಂದು ಬರೆದೆ, 17.3 ಸೆಂ.ಮೀ. ಬಂತು. ಉತ್ತರ 10 ಸೆಂ.ಮೀ. ಎಂದು ಕೊಟ್ಟಿದ್ದಾರೆ. ಬಂದ ಗಾಡಿ ನಿಂತಾಗಲೇ ಅಲ್ಲವೇ ಸ್ಪ್ರಿಂಗ್ ಪೂರ್ತಿ ಅದುಮಿಕೊಳ್ಳುವುದು?

ಉತ್ತರ (ಭೌತಶಾಸ್ತ್ರದ ನಿವೃತ್ತ ಉಪನ್ಯಾಸಕರು): ಈ ಲೆಕ್ಕದಲ್ಲಿ ಬಂದ ಗಾಡಿ ಯಾವ ಕ್ಷಣದಲ್ಲೂ ನಿಲ್ಲುವುದಿಲ್ಲ. ಅದರ ವೇಗ 3ರಿಂದ ಇಳಿಯುತ್ತಾ ಹೋಗಿ, ಸ್ಪ್ರಿಂಗನ್ನು ಬಿಟ್ಟು ಬೇರೆಯಾಗುವ ಹೊತ್ತಿಗೆ 1ಕ್ಕೆ ಬಂದು ಮುಟ್ಟುತ್ತದೆ, ಅಷ್ಟೇ. ನೀವು ಕಂಡುಹಿಡಿದ 17.3 ಸೆಂ.ಮೀ. ಬೇರೊಂದು ಪ್ರಶ್ನೆಯ ಸರಿಯಾದ ಉತ್ತರ: ಸ್ಪ್ರಿಂಗನ್ನು ಗೋಡೆಗೆ ಬಿಗಿದಿದ್ದರೆ ಅಷ್ಟೇ ಬರುತ್ತಿತ್ತು. ಗೋಡೆ ಜರುಗುವುದಿಲ್ಲ, ಎದುರಿನ ಗಾಡಿ ಜರುಗುತ್ತದೆ.

ಗಾಡಿಗಳು ಹಳಿಯ ಮೇಲೆ ಎಷ್ಟು ವೇಗದಲ್ಲಿವೆ ಎಂಬುದು ಸ್ಪ್ರಿಂಗಿಗೆ ಬೇಕಾಗಿಲ್ಲ. ತನ್ನ ಎರಡು ತುದಿಗಳ ನಡುವಿನ ಅಂತರವೊಂದೇ ಅದಕ್ಕೆ ಲೆಕ್ಕ. ಹಿಂದಿನ ಗಾಡಿಯು ಮುಂದಿನದಕ್ಕಿಂತ ವೇಗವಾಗಿರುವಷ್ಟು ಕಾಲ ಅಂತರ ಕಿರಿದಾಗುತ್ತದೆ, ಮುಂದಿನದು ವೇಗವಾದ ಮೇಲೆ ಹಿಗ್ಗುತ್ತದೆ. ಕಿರಿದಾಗುವುದು ಮುಗಿದು ಹಿಗ್ಗುವುದು ಶುರುವಾಗುವ ಆ ತಿರುವಿನಲ್ಲಿ ಎರಡರ ವೇಗವೂ ಸಮನಾಗಿರಲೇಬೇಕು. ಹೊರಗಿನ ಬಲವಿಲ್ಲದ ಕಾರಣ ಒಟ್ಟು ಸಂವೇಗ 6 ಆಗಿಯೇ ಉಳಿಯುತ್ತದೆ, ಒಟ್ಟು ದ್ರವ್ಯರಾಶಿ 3 ಕೆ.ಜಿ., ಆದ್ದರಿಂದ ಆ ಸಮಾನ ವೇಗ ಸೆಕೆಂಡಿಗೆ 2 ಮೀಟರ್. ಮೊದಲಿದ್ದ ಚಲನಶಕ್ತಿ 9 ಜೌಲ್, 3 ಕೆ.ಜಿ.ಯೂ 2ರ ವೇಗದಲ್ಲಿ ಸಾಗುತ್ತಿರುವಾಗ ಅದರಲ್ಲಿ 6 ಜೌಲ್ ಗಾಡಿಗಳಲ್ಲೇ ಉಳಿದಿರುತ್ತದೆ. ಸ್ಪ್ರಿಂಗಿಗೆ ಸಿಗುವುದು ಮಿಕ್ಕ 3 ಜೌಲ್ ಮಾತ್ರ. 300x² = 3 ಎಂದಾಗ x = 0.1 ಮೀಟರ್.

ವೇಗ ಸಮನಾಯಿತೆಂದರೆ ಎಲ್ಲವೂ ಶಾಂತವಾಯಿತು ಎಂದು ನನ್ನ ತರಗತಿಯಲ್ಲಿ ಬಹಳ ಮಂದಿ ಭಾವಿಸುತ್ತಿದ್ದರು. ವಾಸ್ತವದಲ್ಲಿ ಸ್ಪ್ರಿಂಗ್ ಅತಿ ಜೋರಾಗಿ, 60 ನ್ಯೂಟನ್ ಬಲದಿಂದ, ತಳ್ಳುತ್ತಿರುವುದು ಆಗಲೇ. ಹಾಗಾಗಿ ಆ ಸಮಾನತೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಸ್ಪ್ರಿಂಗನ್ನು ಮುಟ್ಟಿದಾಗಿನಿಂದ ಅಲ್ಲಿಯವರೆಗೆ ಹಿಡಿಯುವ ಒಟ್ಟು ಕಾಲವೇ ಸುಮಾರು 0.05 ಸೆಕೆಂಡು.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರೊಬ್ಬರು: ಇದು ಎರಡು ವಸ್ತುಗಳು ಡಿಕ್ಕಿಯಾಗಿ ಅಂಟಿಕೊಳ್ಳುವ ಲೆಕ್ಕವೇ ಅಲ್ಲವೇ? ಅಲ್ಲಿಯೂ ಸಮಾನ ವೇಗ 2, ಅಲ್ಲಿಯೂ 3 ಜೌಲ್ ಶಾಖವಾಗಿ ಹೋಗುತ್ತದೆ. ಸ್ಪ್ರಿಂಗಿನ ಹೆಸರು ಹೇಳಿ ಸುಮ್ಮನೆ ಗೊಂದಲ ಮಾಡಿದ್ದಾರೆ.

ಉತ್ತರ: ಸಂಖ್ಯೆ ಒಂದೇ ಎಂಬ ನಿಮ್ಮ ಮಾತು ಸರಿ, ಜೇಡಿಮಣ್ಣಿನ ಉಂಡೆಯಿಟ್ಟು ಡಿಕ್ಕಿ ಹೊಡೆಸಿದರೂ ಅದೇ 3 ಜೌಲ್ ಗಾಡಿಗಳಿಂದ ಹೊರಗೆ ಹೋಗುತ್ತದೆ. ಆದರೆ ಮಣ್ಣು ಅದನ್ನು ಹಿಂದಿರುಗಿಸುವುದಿಲ್ಲ, ಸ್ಪ್ರಿಂಗ್ ಹಿಂದಿರುಗಿಸುತ್ತದೆ. ಇಲ್ಲಿ ಕೊನೆಗೆ ಬಂದ ಗಾಡಿ 1ರ ವೇಗದಲ್ಲಿಯೂ ನಿಂತಿದ್ದ ಗಾಡಿ 4ರ ವೇಗದಲ್ಲಿಯೂ ಮುಂದೆ ಹೋಗುತ್ತವೆ. ಮೊದಲನೆಯದರ 1 ಜೌಲ್, ಎರಡನೆಯದರ 8 ಜೌಲ್ ಕೂಡಿಸಿದರೆ 9 ಜೌಲ್ ಪೂರ್ತಿ ಸಿಗುತ್ತದೆ.

ಪ್ರಶ್ನೆ ಕೇಳಿದವರು: ಅರ್ಥವಾಯಿತು ಸರ್. ಹಾಗಾದರೆ 1 ಕೆ.ಜಿ. ಗಾಡಿಯೇ 3ರ ವೇಗದಲ್ಲಿ ಬಂದು, ನಿಂತಿರುವ 2 ಕೆ.ಜಿ. ಗಾಡಿಗೆ ಬಡಿದರೆ ಅದು ಖಂಡಿತ ಒಮ್ಮೆ ನಿಂತು ಹಿಂದಕ್ಕೆ ಬರುತ್ತದೆ. ಅಲ್ಲಿಯಾದರೂ ನನ್ನ ವಿಧಾನ ನಡೆಯುವುದೇ?

ಉತ್ತರ: ಒಳ್ಳೆಯ ಪ್ರಶ್ನೆ, ಆದರೆ ಅಲ್ಲಿಯೂ ನಡೆಯುವುದಿಲ್ಲ. ಸಮಾನ ವೇಗ ಈಗ 1, ಮೊದಲಿದ್ದ 4.5 ಜೌಲಿನಲ್ಲಿ 1.5 ಗಾಡಿಗಳಲ್ಲಿ ಉಳಿದು ಸ್ಪ್ರಿಂಗಿಗೆ ಮತ್ತೆ 3 ಜೌಲೇ ಸಿಗುತ್ತದೆ, ಸಂಕೋಚನ ಮತ್ತೆ 10 ಸೆಂ.ಮೀ. ಯಾರು ಯಾರಿಗೆ ಬಡಿದರೂ ಪರಸ್ಪರ ವೇಗ ಅಷ್ಟೇ ಇರುವುದರಿಂದ ಹೀಗಾಗುತ್ತದೆ. ಇನ್ನು ಹಗುರವಾದ ಗಾಡಿ ನಿಲ್ಲುವುದು ನಿಜ, ಆದರೆ ತಡವಾಗಿ: ಆ ಹೊತ್ತಿಗೆ ಸ್ಪ್ರಿಂಗ್ ತನ್ನ ಗರಿಷ್ಠವನ್ನು ದಾಟಿ, ಹಿಗ್ಗಲು ಶುರುಮಾಡಿ, ಸಂಕೋಚನ ಸುಮಾರು 8.7 ಸೆಂ.ಮೀ.ಗೆ ಇಳಿದಿರುತ್ತದೆ.

ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರು: ಸರ್, ನನ್ನ ಅನುಭವ ಇದಕ್ಕೆ ಒಪ್ಪುವುದಿಲ್ಲ. ನಮ್ಮಲ್ಲಿ ಅರ್ಧ ಅರ್ಧ ಕೆ.ಜಿ.ಯ ಎರಡು ಟ್ರಾಲಿಗಳು, ಮೀಟರಿಗೆ 25 ನ್ಯೂಟನ್ನಿನ ಸ್ಪ್ರಿಂಗ್, ವೇಗ ಸೆಕೆಂಡಿಗೆ 0.6 ಮೀಟರ್. ನಿಮ್ಮ ರೀತಿಯಲ್ಲಿ 6 ಸೆಂ.ಮೀ. ಬರಬೇಕು. ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದರೆ, ಸ್ಪ್ರಿಂಗನ್ನು ಮುಟ್ಟಿದ ಮೇಲೆ ಅದು ಪೂರ್ತಿ ಅದುಮುವವರೆಗೆ ಟ್ರಾಲಿ ಸಾಗಿದ್ದು ಹಳಿಯ ಅಳತೆಪಟ್ಟಿಯಲ್ಲಿ 7.5 ಸೆಂ.ಮೀ.ಗಿಂತ ಹೆಚ್ಚು. ಪೂರ್ತಿ ಶಕ್ತಿಯ ಲೆಕ್ಕದಲ್ಲಿ 8.5 ಬರುತ್ತದೆ, ಘರ್ಷಣೆಯಲ್ಲಿ ಸ್ವಲ್ಪ ಹೋಯಿತೆಂದರೆ ಸರಿಹೊಂದುತ್ತದೆ.

ಉತ್ತರ: ನೀವು ಅಳೆದದ್ದು ಹಳಿಯ ಮೇಲೆ ಟ್ರಾಲಿ ಸಾಗಿದ ದೂರವನ್ನು, ಸ್ಪ್ರಿಂಗಿನ ಸಂಕೋಚನವನ್ನಲ್ಲ. ನಿಮ್ಮ ಟ್ರಾಲಿಗಳಿಗೆ ಆ ಕ್ಷಣ ತಲುಪಲು ಸುಮಾರು 0.16 ಸೆಕೆಂಡು ಬೇಕು. ಅಷ್ಟರಲ್ಲಿ ಬಂದ ಟ್ರಾಲಿ 7.7 ಸೆಂ.ಮೀ. ಸಾಗುತ್ತದೆ, ಆದರೆ ಎದುರಿನದೂ 1.7 ಸೆಂ.ಮೀ. ಸರಿದಿರುತ್ತದೆ, ವ್ಯತ್ಯಾಸ ಸರಿಯಾಗಿ 6. ನಿಮ್ಮ ಅಳತೆ 6 ಮತ್ತು 8.5ರ ನಡುವೆ ಬಿದ್ದದ್ದು ಆಕಸ್ಮಿಕ, ಆದರೆ ಅಪಾಯಕಾರಿ ಆಕಸ್ಮಿಕ: ಘರ್ಷಣೆಯ ಹೆಸರು ಹೇಳಿ ತಪ್ಪು ಸೂತ್ರವನ್ನು ಸಮರ್ಥಿಸಲು ಅದು ದಾರಿ ಮಾಡಿಕೊಟ್ಟಿತು. ಅದೇ ಚಿತ್ರಿಕೆಯಲ್ಲಿ ಎರಡು ಟ್ರಾಲಿಗಳ ನಡುವಿನ ಅಂತರವನ್ನು ಅಳೆದು ನೋಡಿ.

ಪ್ರಯೋಗಾಲಯದವರು: ಅಳೆದೆ. ಅಂತರ 5.5 ಸೆಂ.ಮೀ. ಕಡಿಮೆಯಾಗಿದೆ. 6ರ ಹತ್ತಿರ ಬಂತು, ಒಪ್ಪುತ್ತೇನೆ, ಆದರೆ ಉಳಿದ ಅರ್ಧ ಸೆಂಟಿಮೀಟರ್ ಎಲ್ಲಿ ಹೋಯಿತು? ಸೆಕೆಂಡಿಗೆ 30 ಚಿತ್ರಗಳು ಮಾತ್ರ, ಗರಿಷ್ಠದ ಕ್ಷಣ ಎರಡು ಚಿತ್ರಗಳ ನಡುವೆ ತಪ್ಪಿರಬಹುದೇ?

ಉತ್ತರ: ತಪ್ಪಿರಬಹುದು, ಆದರೆ ಅದರಿಂದ ಅಷ್ಟು ದೊಡ್ಡ ವ್ಯತ್ಯಾಸ ಬರುವುದಿಲ್ಲ. ಗರಿಷ್ಠದ ಆಸುಪಾಸಿನಲ್ಲಿ ಅಂತರ ಬಹಳ ನಿಧಾನವಾಗಿ ಬದಲಾಗುವುದರಿಂದ, ಅರ್ಧ ಚಿತ್ರದಷ್ಟು ಕಾಲ ತಪ್ಪಿದರೂ ನಷ್ಟ 1 ಮಿ.ಮೀ.ಗಿಂತ ಕಡಿಮೆ. ಹಳಿಯ ಘರ್ಷಣೆಯನ್ನೂ ನಾನು ಮೊದಲು ದೂರುವುದಿಲ್ಲ. ಸಮನಾದ ಎರಡು ಟ್ರಾಲಿಗಳನ್ನೂ ಅದು ಒಂದೇ ಪ್ರಮಾಣದಲ್ಲಿ ನಿಧಾನಗೊಳಿಸುವುದರಿಂದ ಚಲಿಸುವಾಗ ಅವುಗಳ ನಡುವಿನ ಅಂತರಕ್ಕೆ ಅದರ ಪ್ರಭಾವ ಅಲ್ಪ. ನನ್ನ ಅನುಮಾನ ಸ್ಪ್ರಿಂಗ್ ಸ್ಥಿರಾಂಕದ ಮೇಲಿದೆ. 25 ಎಂಬುದನ್ನು ನೀವೇ ಅಳೆದಿರೋ, ಅಥವಾ ಬರೆದಿದ್ದುದನ್ನು ತೆಗೆದುಕೊಂಡಿರೋ? ಅದು 30 ಇದ್ದರೆ ಉತ್ತರ 5.5ಕ್ಕೇ ಬರುತ್ತದೆ.

ಪ್ರಯೋಗಾಲಯದವರು: ಡಬ್ಬಿಯ ಮೇಲೆ 25 ಎಂದಿತ್ತು. ತೂಕ ನೇತುಹಾಕಿ ನೋಡುತ್ತೇನೆ.

ಉತ್ತರ: ನೇತುಹಾಕಬೇಡಿ. ನಿಮಗೆ ಬೇಕಿರುವುದು ಅದುಮುವಾಗಿನ ಸ್ಥಿರಾಂಕ. ಸ್ಪ್ರಿಂಗಿನೊಳಗೆ ನುಣುಪಾದ ಕಡ್ಡಿಯನ್ನು ತೂರಿಸಿ ನೆಟ್ಟಗೆ ನಿಲ್ಲಿಸಿ, ತೂತಿರುವ ತೂಕಗಳನ್ನು ಅದರ ಮೇಲೆ ಇಡಿ. 100 ಗ್ರಾಂ ಇಟ್ಟಾಗ ಸುಮಾರು 3.9 ಸೆಂ.ಮೀ. ಇಳಿದರೆ 25 ಸರಿ, 3.3ರ ಹತ್ತಿರ ಇಳಿದರೆ 30. ಎರಡೂ ಅಲ್ಲದಿದ್ದರೆ ಸ್ಪ್ರಿಂಗನ್ನು ಒಮ್ಮೆ ತೂಗಿ ಬರೆಯಿರಿ, ಅದರ ಸ್ವಂತ ತೂಕವೂ ಲೆಕ್ಕಕ್ಕೆ ಬರಬಹುದು.