ವರ್ಷದ ನಡುವೆ ಶಾಲೆ ಬಿಡುವಾಗ ಪೋಷಕರಿಗೆ, ಮಕ್ಕಳಿಗೆ ಏನು ಬರೆದಿರಿ?

ಕೇಳಿದವರು: ಶಿರಾ ತಾಲೂಕಿನ ಶಿಕ್ಷಕಿ

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿಕಲಿ ತರಗತಿ ನನ್ನದು. ಒಂದರಿಂದ ಮೂರನೇ ತರಗತಿವರೆಗೆ 23 ಮಕ್ಕಳು. ಪತಿ-ಪತ್ನಿ ಪ್ರಕರಣದಲ್ಲಿ ವರ್ಗಾವಣೆ ಆಗಿದೆ, ಇನ್ನು ಎಂಟು ದಿನಕ್ಕೆ ಬಿಡುಗಡೆ. ನನ್ನ ಜಾಗಕ್ಕೆ ಯಾರು ಬರುತ್ತಾರೆ ಅಂತ ಗೊತ್ತಿಲ್ಲ. ಪೋಷಕರಿಗೂ ಮಕ್ಕಳಿಗೂ ಪತ್ರ ಬರೆಯೋಣ ಅಂತ ಕೂತರೆ ಮೊದಲ ಸಾಲಿಗೇ ಕಣ್ಣು ತುಂಬಿ ಬರುತ್ತೆ. ಬರೆದವರು ಇದ್ದರೆ ಏನು ಬರೆದಿರಿ, ಯಾವಾಗ ಕೊಟ್ಟಿರಿ, ಹೇಳಿ.

ಚಿತ್ರದುರ್ಗದ ನಿವೃತ್ತ ಶಿಕ್ಷಕಿ

ಮೂರು ಸಲ ವರ್ಗಾವಣೆ ಕಂಡಿದ್ದೇನೆ ತಂಗಿ, ಎರಡು ಸಲ ವರ್ಷದ ನಡುವೆಯೇ. ಮೊದಲನೇ ಸಲ ಬರೆದ ಪತ್ರದಲ್ಲಿ "ನಿಮ್ಮನ್ನೆಲ್ಲ ಬಿಟ್ಟು ಹೋಗಲು ನನಗೆ ಮನಸ್ಸೇ ಇಲ್ಲ" ಅಂತ ಇತ್ತು. ತರಗತಿಯಲ್ಲಿ ಓದಿದೆ. ಎರಡನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮನಸ್ಸಿಲ್ಲ ಅಂದ್ರೆ ಯಾಕೆ ಹೋಗ್ತೀರಾ ಮಿಸ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಮಧ್ಯಾಹ್ನ ಇಬ್ಬರು ಹುಡುಗಿಯರು ನನ್ನ ಸೆರಗು ಹಿಡಿದು ಮೆಲ್ಲಗೆ ಕೇಳಿದರು: "ನಾವು ಗಲಾಟೆ ಮಾಡಿದ್ದಕ್ಕಾ ಮಿಸ್?"

ಆರೇಳು ವರ್ಷದ ಮಕ್ಕಳು ಹಾಗೇ ಯೋಚನೆ ಮಾಡುತ್ತವೆ. ದೊಡ್ಡವರು ಕಾರಣ ಬಿಟ್ಟ ಜಾಗದಲ್ಲಿ ತಮ್ಮನ್ನೇ ಇಟ್ಟುಕೊಳ್ಳುತ್ತವೆ. ಆದ್ದರಿಂದ ಮಕ್ಕಳ ಪತ್ರದಲ್ಲಿ ಕಾರಣ ಒಂದೇ ಸಾಲಲ್ಲಿ, ನಿಜವಾದದ್ದೇ ಇರಲಿ. ಅದರ ಪಕ್ಕದಲ್ಲೇ "ನಿಮ್ಮಿಂದ ಅಲ್ಲ" ಅನ್ನೋ ಸಾಲೂ ಇರಲಿ. ಎರಡನೇ ಸಲ ನಾನು ಹೆಚ್ಚುಕಡಿಮೆ ಹೀಗೆ ಬರೆದಿದ್ದೆ, ನಿಮಗೆ ಹೊಂದುವ ಹಾಗೆ ಬದಲಾಯಿಸಿ ಕೊಟ್ಟಿದ್ದೇನೆ:

"ಮಕ್ಕಳೇ, ಶನಿವಾರ ಈ ಶಾಲೆಯಲ್ಲಿ ನನ್ನ ಕೊನೆಯ ದಿನ. ನಮ್ಮ ಮನೆಯವರು ದೂರದ ಊರಲ್ಲಿದ್ದಾರೆ. ಅವರ ಜೊತೆ ಇರಲು ಅಲ್ಲಿನ ಶಾಲೆಗೆ ಹೋಗುತ್ತಿದ್ದೇನೆ. ನೀವು ಏನೋ ತಪ್ಪು ಮಾಡಿದಿರಿ ಅಂತ ಅಲ್ಲ. ಸೋಮವಾರ ಬೆಳಿಗ್ಗೆ ಹಾಲು ಇರುತ್ತೆ, ಮಧ್ಯಾಹ್ನ ಊಟ ಇರುತ್ತೆ, ಅಡುಗೆ ಅಮ್ಮ ಇರುತ್ತಾರೆ, ಹೆಡ್ ಸರ್ ಇರುತ್ತಾರೆ. ನಿಮ್ಮ ತಟ್ಟೆ, ನಿಮ್ಮ ಕಾರ್ಡು, ನೀವು ಬರೆದ ಚಿತ್ರ ಇದ್ದಲ್ಲೇ ಇರುತ್ತೆ. ಹೊಸ ಟೀಚರ್ ಬಂದಾಗ ನಿಮ್ಮ ಮೆಟ್ಟಿಲು ಯಾವುದು ಅಂತ ಏಣಿಯಲ್ಲಿ ನೀವೇ ತೋರಿಸಿ."

ಕೊನೆಯ ಸಾಲು ಮರೀಬೇಡಿ. ನಲಿಕಲಿ ಮಕ್ಕಳಿಗೆ ಕಾರ್ಡು ತಾವೇ ತೆಗೆದುಕೊಂಡು ಗೊತ್ತು, ಗೋಡೆಯ ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ಯಾವುದು ಅಂತಲೂ ಗೊತ್ತು. ಒಂದು ಕೆಲಸ ಒಪ್ಪಿಸಿ ಹೋದರೆ ಅವು ಹೊಸಬರನ್ನು ಕಾಯುತ್ತವೆ. ನಿಮ್ಮನ್ನೇ ಕಾಯುತ್ತಾ ಕೂರುವುದಿಲ್ಲ.

"ಆಗಾಗ ಬರ್ತೀನಿ" ಅಂತ ಬರೆಯಬೇಡಿ. "ಚೆನ್ನಾಗಿ ಓದಿದರೆ ನೋಡೋಕೆ ಬರ್ತೀನಿ" ಅಂತೂ ಬೇಡವೇ ಬೇಡ. ನೀವು ಬರದಿದ್ದರೆ, ತಾನು ಚೆನ್ನಾಗಿ ಓದಲಿಲ್ಲ ಅಂತ ಮಗು ತೀರ್ಮಾನಿಸುತ್ತೆ.

ರಾಯಚೂರು ಜಿಲ್ಲೆಯ ಯುವ ಶಿಕ್ಷಕ

ಇಷ್ಟೆಲ್ಲ ಬೇಕಾಗಲ್ಲ ಅಂತ ನನಗೆ ಅನಿಸುತ್ತೆ ಮೇಡಂ. ಮಕ್ಕಳ ಗ್ರೇಡ್ ಎಲ್ಲ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಇದ್ದೇ ಇರುತ್ತೆ, ಬರುವವರು ನೋಡಿಕೊಳ್ಳುತ್ತಾರೆ. ಪೋಷಕರಿಗೆ ವಂದನೆ ಹೇಳಿ ನಾಲ್ಕು ಸಾಲು ಬರೆದರೆ ಸಾಕು. ಇನ್ನು ಮಕ್ಕಳಿಗೆ ಕೊನೆಯ ದಿನ ಹೇಳಿದರಾಯಿತು. ಮೊದಲೇ ಹೇಳಿದರೆ ಎಂಟು ದಿನವೂ ಅಳು, ಪಾಠ ಸಾಗಲ್ಲ. ಚಿಕ್ಕ ಮಕ್ಕಳು, ಎರಡು ದಿನದಲ್ಲಿ ಮರೆತುಬಿಡುತ್ತಾರೆ.

ತುರುವೇಕೆರೆ ಕಡೆಯ ಒಬ್ಬ ತಾಯಿ

ಮರೆಯಲ್ಲ ಸರ್. ನಮ್ಮ ಮಗಳ ಶಾಲೆಯಲ್ಲಿ ಹಾಗೇ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. ಅವಳು ಆಗ ಒಂದನೇ ತರಗತಿ. ಟೀಚರ್ ಪತ್ರವನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರಂತೆ. ಆ ಫೋನು ನಮ್ಮ ಯಜಮಾನರ ಹತ್ತಿರ ಇತ್ತು, ಅವರು ಲಾರಿ ಮೇಲೆ ಹೋಗಿದ್ದರು. ನನಗೆ ವಿಷಯ ಗೊತ್ತಾಗಿದ್ದು ಸೋಮವಾರ ಮಗಳು ಅಳುತ್ತಾ ಬಂದಾಗ. ಟೀಚರ್ ಬೆಳಿಗ್ಗೆ ಬಸ್ಸಲ್ಲಿ ಬರುತ್ತಿದ್ದರು. ಇವಳು ದಿನಾ ಗೇಟಿನ ಹತ್ತಿರ ಬ್ಯಾಗ್ ಹಾಕಿಕೊಂಡೇ ನಿಲ್ಲುತ್ತಿದ್ದಳು. ಬಸ್ಸು ನಿಂತು, ಯಾರೂ ಇಳಿಯದೆ ಹೋದ ಮೇಲೆ ಒಳಗೆ ಹೋಗುತ್ತಿದ್ದಳು. ಎರಡು ವಾರ ಹೀಗೇ ಆಯಿತು.

ಆಮೇಲೆ ಬಂದವರು ಅತಿಥಿ ಶಿಕ್ಷಕಿ. ಪಾಪ, ಒಳ್ಳೆಯವರೇ. ಅವರು ಬೋರ್ಡ್ ಮೇಲೆ ಅ ಆ ಇ ಈ ಶುರು ಮಾಡಿದರು. ನಮ್ಮ ಮಗಳಿಗೆ ಅ ಬರುತ್ತಿತ್ತು, ಆ ಬರುತ್ತಿರಲಿಲ್ಲ. ಅರ್ಧ ವರ್ಷ ಕಳೆದರೂ ಏನೂ ಕಲಿತಿಲ್ಲ ಅಂತ ನಾನೂ ಅವಳಿಗೆ ಬೈದೆ. ತಪ್ಪು ಅವಳದ್ದಲ್ಲ ಅಂತ ಗೊತ್ತಾಗಿದ್ದು ಬಹಳ ದಿನ ಆದ ಮೇಲೆ.

ಬೆಂಗಳೂರಿನ ಖಾಸಗಿ ಶಾಲಾ ಶಿಕ್ಷಕಿ

ನನ್ನದೂ ಇದೇ ಸಮಸ್ಯೆ. ಡಿಸೆಂಬರ್‌ನಲ್ಲಿ ಬಿಡಬೇಕು ಅಂತಿದ್ದೇನೆ. ಆದರೆ ವರ್ಷದ ನಡುವೆ ಬಿಟ್ಟರೆ ಅನುಭವ ಪ್ರಮಾಣಪತ್ರ ಕೊಡಲ್ಲ ಅಂತ ಶಾಲೆಯವರು ಹೇಳುತ್ತಿದ್ದಾರೆ. ರಾಜೀನಾಮೆ ಪತ್ರದಲ್ಲಿ ಕಾರಣ ಬರೆಯಲೇಬೇಕಾ?

ಚಿತ್ರದುರ್ಗದ ನಿವೃತ್ತ ಶಿಕ್ಷಕಿ

ಅದು ಬೇರೆ ಪತ್ರ ಅಮ್ಮ. ನೇಮಕದ ಆದೇಶದಲ್ಲಿ ಎಷ್ಟು ದಿನ ಮೊದಲು ತಿಳಿಸಬೇಕು ಅಂತ ಬರೆದಿರುತ್ತೆ, ಅದನ್ನು ಮೊದಲು ನೋಡಿಕೊಳ್ಳಿ. ಶಾಲೆಯ ಜೊತೆಗಿನ ಜಗಳದ ಒಂದು ಮಾತೂ ಪೋಷಕರ ಪತ್ರಕ್ಕೆ ಬರಬಾರದು, ಅಷ್ಟು ಮಾತ್ರ ನಾನು ಹೇಳಬಲ್ಲೆ.

ತುರುವೇಕೆರೆ ತಾಯಿ ಹೇಳಿದ್ದು ನೋಡಿ, ಪೋಷಕರ ಪತ್ರದ ತಿರುಳೇ ಅಲ್ಲಿದೆ. ನಲಿಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಲ್ಲಿ ಬರುವುದಿಲ್ಲ. ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ, ಹೀಗೆ ಹೋಗುತ್ತೆ. ಐದು ಅಕ್ಷರ ಬಂದ ಕೂಡಲೇ ಮಗು "ಅರಸ", "ಸರ" ಅಂತ ಪದ ಓದಲಿ ಅನ್ನೋದು ಲೆಕ್ಕ. ಇದು ಮನೆಯವರಿಗೆ ಗೊತ್ತಿರಲ್ಲ. ನಲಿಕಲಿ ತರಬೇತಿ ಇಲ್ಲದ ಹೊಸಬರಿಗೂ ಗೊತ್ತಿಲ್ಲದೆ ಇರಬಹುದು. ಹಳೇ ಟೀಚರ್ ಇದ್ದಾಗ ಯಾರೂ ಕೇಳಲ್ಲ. ಟೀಚರ್ ಬದಲಾದ ಕೂಡಲೇ ಮಗು ಹಿಂದೆ ಬಿದ್ದ ಹಾಗೆ ಕಾಣುತ್ತೆ.

ರಾಯಚೂರಿನ ಸರ್, ಎಸ್‌ಎಟಿಎಸ್‌ನಲ್ಲಿ ಗ್ರೇಡ್ ಇರುತ್ತೆ, ಅದು ನಿಜ. ಆದರೆ ಮಗು ಯಾವ ಮೆಟ್ಟಿಲಲ್ಲಿದೆ, ಯಾವ ಅಕ್ಷರಕ್ಕೆ ತಡವರಿಸುತ್ತೆ ಅಂತ ಗ್ರೇಡ್ ಹೇಳಲ್ಲ. ಅದು ನಿಮ್ಮ ಪ್ರಗತಿ ನೋಟದಲ್ಲಿ ಇರುತ್ತೆ, ಉಳಿದಿದ್ದು ನಿಮ್ಮ ತಲೆಯಲ್ಲಿ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಎಲ್ಲರಿಗೂ ಒಂದೇ ಪತ್ರ. ಕೆಳಗೆ ಮೂರು ಬೆರಳು ಜಾಗ ಬಿಟ್ಟು ಅಲ್ಲಿ ಆಯಾ ಮಗುವಿನ ಬಗ್ಗೆ ಕೈಯಲ್ಲೇ ಬರೆದೆ. ಉದಾಹರಣೆಗೆ: "ನಿಮ್ಮ ಮಗ ಮೊದಲ ಹತ್ತು ಅಕ್ಷರ ಓದಿ ಬರೆಯುತ್ತಾನೆ. ಮ ಮತ್ತು ವ ಬರೆಯುವಾಗ ಒಂದರ ಬದಲು ಇನ್ನೊಂದು ಬರುತ್ತೆ, ಅಭ್ಯಾಸ ಆಗುತ್ತಿದೆ. ಆ, ಇ, ಈ ಇನ್ನೂ ಕಲಿಸಿಲ್ಲ, ಮುಂದಿನ ಮೆಟ್ಟಿಲುಗಳಲ್ಲಿ ಬರುತ್ತವೆ. ಅವನು ಹಿಂದೆ ಬಿದ್ದಿಲ್ಲ." 23 ಮಕ್ಕಳು ಅಂದರೆ ದಿನಕ್ಕೆ ಆರರಂತೆ ನಾಲ್ಕು ಸಂಜೆ ಸಾಕು. ಅದೇ ಮಾತನ್ನು ಇನ್ನೊಂದು ಹಾಳೆಯಲ್ಲಿ ಬರೆದು ಪ್ರಗತಿ ನೋಟದ ಜೊತೆ ಮುಖ್ಯ ಶಿಕ್ಷಕರ ಕೈಗೆ ಕೊಡಿ.

ಒಂದು ಎಚ್ಚರಿಕೆ. ಮನೆಯ ವಿಷಯ, ಕಾಯಿಲೆ, ಮಗುವಿಗೆ ಕಿವಿ ಸರಿಯಾಗಿ ಕೇಳಿಸಲ್ಲ ಅನ್ನೋ ಅನುಮಾನ, ಇವನ್ನು ಚೀಟಿಯಲ್ಲಿ ಬರೆಯಬೇಡಿ. ಚೀಟಿ ಊರೆಲ್ಲ ಸುತ್ತುತ್ತೆ. ಅಪ್ಪ ಅಮ್ಮನನ್ನು ಪಕ್ಕಕ್ಕೆ ಕರೆದು ಹೇಳಿ.

ಇನ್ನು, ಯಾರು ಬರುತ್ತಾರೆ ಅಂತ ಗೊತ್ತಿಲ್ಲದೆ "ನನಗಿಂತ ಒಳ್ಳೆಯವರು ಬರುತ್ತಾರೆ" ಅಂತ ಬರೆಯಬೇಡಿ. "ಬರುವವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿವರೆಗೆ ತರಗತಿಯನ್ನು ಮುಖ್ಯ ಶಿಕ್ಷಕರು ನೋಡಿಕೊಳ್ಳುತ್ತಾರೆ, ಏನಿದ್ದರೂ ಅವರನ್ನು ಕೇಳಿ" ಅಂತ ಬರೆಯಿರಿ. ಹಾಗೆ ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ.

ಯಾವಾಗ ಹೇಳೋದು ಅನ್ನೋದರಲ್ಲಿ ರಾಯಚೂರಿನವರ ಮಾತು ಅರ್ಧ ಸರಿ. ಎಂಟು ದಿನ ಮೊದಲೇ ಹೇಳಿದರೆ ಒಂದನೇ ತರಗತಿಯವರಿಗೆ ಅದು ಬಹಳ ಉದ್ದ. ನಾನು ಪೋಷಕರಿಗೆ ಮಂಗಳವಾರ ಸಂಜೆ, ಮಕ್ಕಳಿಗೆ ಬುಧವಾರ ಬೆಳಿಗ್ಗೆ ಹೇಳಿದ್ದೆ. ಶನಿವಾರ ಕೊನೆ. ಬುಧವಾರ ಅತ್ತರು. ಗುರುವಾರದಿಂದ ಪ್ರಶ್ನೆ ಶುರು. ಆ ಪ್ರಶ್ನೆಗಳಿಗೆ ಉತ್ತರ ಕೊಡಲಾದರೂ ನೀವು ಎರಡು ಮೂರು ದಿನ ಇರಬೇಕು.

ಪಾವಗಡದ ಶಿಕ್ಷಕ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ಕನ್ನಡ ಓದಲು ಬಾರದ ತಾಯಂದಿರು ಇದ್ದಾರೆ. ಚೀಟಿ ಕಳಿಸಿದರೆ ಅದನ್ನು ಓದಿ ಹೇಳಬೇಕಾದದ್ದು ಮೂರನೇ ತರಗತಿಯ ಮಗುವೇ! ಟೀಚರ್ ಹೋಗುತ್ತಾರೆ ಅನ್ನೋ ಸುದ್ದಿಯನ್ನು ಮಗುವೇ ಓದಿ ಹೇಳೋದು ಬೇಡ ಅಲ್ವಾ? ನಾನು ಎಸ್‌ಡಿಎಂಸಿ ಅಧ್ಯಕ್ಷರಿಗೆ ಹೇಳಿ ಸಂಜೆ ಪೋಷಕರನ್ನು ಕರೆಸಿದೆ, ಪತ್ರವನ್ನು ಎರಡೂ ಭಾಷೆಯಲ್ಲಿ ಓದಿದೆ. ಕೂಲಿಗೆ ಹೋದವರು ಬರಲಿಲ್ಲ. ಐದು ಮನೆಗೆ ನಾನೇ ಹೋಗಿ ಹೇಳಿ ಬಂದೆ.

ಫೋನ್ ನಂಬರ್ ಮಾತ್ರ ಪತ್ರದಲ್ಲಿ ಹಾಕಿದ್ದೆ. ಅದು ಒಳ್ಳೆಯದೇ ಆಯಿತು, ಈಗಲೂ ಮಕ್ಕಳು ಮಾತಾಡುತ್ತಾರೆ.

ಚಿತ್ರದುರ್ಗದ ನಿವೃತ್ತ ಶಿಕ್ಷಕಿ

ನಂಬರ್ ವಿಷಯದಲ್ಲಿ ನನ್ನ ಅನುಭವ ಬೇರೆ ಸರ್. ಹೊಸ ಟೀಚರ್ ಏನು ಮಾಡಿದರೂ ಪೋಷಕರು ನನಗೆ ಫೋನ್ ಮಾಡಿ ದೂರುತ್ತಿದ್ದರು. ಆ ಹುಡುಗಿಗೆ ಅಲ್ಲಿ ನೆಲೆ ನಿಲ್ಲಲು ಕಷ್ಟ ಆಯಿತು. ಕೊಡೋದಾದರೆ ಒಂದೆರಡು ತಿಂಗಳು ಬಿಟ್ಟು ಕೊಡಿ ಅಂತೀನಿ.

ಪಾವಗಡದ ಶಿಕ್ಷಕ

ಇರಬಹುದು ಅಮ್ಮ. ಆದರೆ ತಾಯಿ ತೀರಿಕೊಂಡ ಮಗು ಒಂದು ನನ್ನ ತರಗತಿಯಲ್ಲಿತ್ತು. ನಂಬರ್ ಕೊಡದೆ ಹೊರಡಲು ನನ್ನ ಕೈಲಿ ಆಗಲಿಲ್ಲ.

ಶಿರಾ ತಾಲೂಕಿನ ಶಿಕ್ಷಕಿ

ಎಲ್ಲರಿಗೂ ವಂದನೆ. ನಿನ್ನೆ ಸಂಜೆ ಪೋಷಕರಿಗೆ ಓದಿದೆ, 23ರಲ್ಲಿ 17 ಮನೆಯವರು ಬಂದಿದ್ದರು. ಉಳಿದವರ ಮನೆಗೆ ಇವತ್ತು ಹೋಗುತ್ತೇನೆ. ನಂಬರ್ ಬಗ್ಗೆ ಇನ್ನೂ ಯೋಚನೆ ಮಾಡುತ್ತಿದ್ದೇನೆ. ಈಗ ಪತ್ರದಲ್ಲಿ ಹಾಕಿಲ್ಲ.

ಮಕ್ಕಳಿಗೆ ಇವತ್ತು ಬೆಳಿಗ್ಗೆ ಓದಿದೆ. ಅಳು ಅಂದುಕೊಂಡಷ್ಟು ಇರಲಿಲ್ಲ. ಒಂದನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಬಹಳ ಹೊತ್ತು ಸುಮ್ನೆ ಕೂತಿದ್ದು, "ಹೊಸ ಟೀಚರ್‌ಗೆ ನನ್ನ ಹೆಸರು ಗೊತ್ತಿರುತ್ತಾ?" ಅಂದಳು. ಅದಕ್ಕೆ ಮಧ್ಯಾಹ್ನ ಎಲ್ಲರಿಗೂ ಒಂದೊಂದು ರಟ್ಟಿನ ತುಂಡು ಕೊಟ್ಟೆ. ತಮ್ಮ ಹೆಸರು ತಾವೇ ಬರೆದು, ಪಕ್ಕದಲ್ಲಿ ಇಷ್ಟವಾದ ಚಿತ್ರ ಬಿಡಿಸಿ ತರಗತಿಯ ಮೇಲ್ಗಡೆ ಕಟ್ಟಿದ ಚಪ್ಪರದ ದಾರಕ್ಕೆ ಕಟ್ಟುತ್ತಿದ್ದಾರೆ. ಹೆಸರಲ್ಲಿ ಇನ್ನೂ ಕಲಿಯದ ಅಕ್ಷರ ಇದ್ದವರಿಗೆ ಮೂರನೇ ತರಗತಿಯವರು ಬರೆದುಕೊಡುತ್ತಿದ್ದಾರೆ. ಹದಿನಾಲ್ಕು ಆಗಿದೆ, ಒಂಬತ್ತು ಬಾಕಿ.