ಮಧ್ಯಾಹ್ನ ಆದರೆ ಬೂಸಾ ಜಾಸ್ತಿ ತೋರಿಸುತ್ತದೆ, ಯಾಕೆ?

ಪ್ರಶ್ನೆ (ಮಂಡ್ಯ, ಹಸು ಸಾಕಣೆ): ಸಾರ್, ತಗಡಿನ ಬೂಸಾ ಕಣಜದ ಮೇಲ್ಗಡೆ ಶಬ್ದದಿಂದ ದೂರ ಅಳೆಯುವ HC-SR04 ಸೆನ್ಸರ್ ಹಾಕಿದ್ದೀನಿ. ಬೆಳಿಗ್ಗೆ ಬೂಸಾ 151 ಸೆಂ.ಮೀ. ಕೆಳಗಿದೆ ಅನ್ನುತ್ತೆ, ಮಧ್ಯಾಹ್ನ 146. ಯಾರೂ ಬೂಸಾ ಹಾಕಿಲ್ಲ. ಹೊಸ ಚೀಲ ಸುರಿದ ದಿನ ಒಮ್ಮೊಮ್ಮೆ 0 ಬರುತ್ತೆ. ಕೋಡ್‌ನಲ್ಲಿ `pulseIn(echo, HIGH, 30000)`, ಆಮೇಲೆ 58ರಿಂದ ಭಾಗ. ಸೆನ್ಸರ್ ಹೋಯ್ತಾ?

ಮದ್ದೂರಿನ ಸದಸ್ಯ: ಹತ್ತು ಸಲ ಓದಿ ಸರಾಸರಿ ತೆಗೀರಿ ಅಣ್ಣ, ಸರಿಹೋಗುತ್ತೆ.

ಉತ್ತರ (ಮೈಸೂರು, ಉಪಕರಣ ಇಂಜಿನಿಯರ್): ಸೆನ್ಸರ್ ಚೆನ್ನಾಗಿದೆ. ಸರಾಸರಿ ತೆಗೆದರೆ ಅಂಕಿ ಕುಣಿಯುವುದು ನಿಲ್ಲುತ್ತದೆ, ಆದರೆ ಹತ್ತೂ ಸಲ ಒಂದೇ ಕಡೆಗೆ ತಪ್ಪಿದರೆ ಸರಾಸರಿಯೂ ತಪ್ಪೇ ಅಲ್ವಾ?

ಸೆನ್ಸರ್ ಅಳೆಯುವುದು ದೂರವನ್ನಲ್ಲ, ಶಬ್ದ ಹೋಗಿ ಬರುವ ಸಮಯವನ್ನು. 58ರಿಂದ ಭಾಗಿಸುವಾಗ ಗಾಳಿ ಸುಮಾರು 20 ಡಿಗ್ರಿ ಇದೆ ಅಂತ ಒಪ್ಪಿಕೊಂಡಂತೆ. 18 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 342 ಮೀಟರ್, 38ರಲ್ಲಿ 354. ನಿಜವಾದ ದೂರ 150 ಅಂದುಕೊಳ್ಳಿ. ಬೆಳಿಗ್ಗೆ 18 ಡಿಗ್ರಿ ಇದ್ದರೆ 151 ಬರುತ್ತದೆ. ಬಿಸಿಲಿಗೆ ಕಾದ ತಗಡಿನೊಳಗೆ 38 ಆದರೆ ಪ್ರತಿಧ್ವನಿ ಬೇಗ ವಾಪಸ್ ಬರುತ್ತದೆ, 146 ಆಗುತ್ತದೆ. ನಿಮ್ಮ ಅಂಕಿಗಳಿಗೆ ಇದು ಹೊಂದುತ್ತದೆ.

ಉಷ್ಣಾಂಶ ಅಳೆಯುವ DS18B20 ತಂದು ಕಣಜದೊಳಗೆ, ಸೆನ್ಸರ್‌ಗೂ ಬೂಸಾಗೂ ನಡುವಿನ ಗಾಳಿಯಲ್ಲಿ ತೂಗುಬಿಡಿ. ತಗಡಿಗೆ ತಾಗಿಸಬೇಡಿ, ತಗಡು ಗಾಳಿಗಿಂತ ಬಿಸಿಯಾಗಿರುತ್ತದೆ. ಆಮೇಲೆ 58ರಿಂದ ಭಾಗಿಸುವ ಬದಲು ಹೀಗೆ ಬರೆಯಿರಿ; `t` ಅಂದರೆ ಅದು ತೋರಿಸುವ ಡಿಗ್ರಿ, `us` ಅಂದರೆ `pulseIn` ಕೊಟ್ಟ ಸಮಯ:

```
float v = 331.3 + 0.606 * t;
float cm = us * v / 20000.0;
```

ಪಾಂಡವಪುರದ ಸದಸ್ಯೆ: ನಮ್ಮ ನೀರಿನ ಸಂಪಿನಲ್ಲಿ 0 ಬರುವುದೇ ಇಲ್ಲ. ವೈರ್ ಲೂಸ್ ಇರಬಹುದು ನೋಡಿ.

ಉತ್ತರ: ನೀರಿನ ಮೇಲ್ಮೈ ಸಮತಟ್ಟು, ಶಬ್ದವನ್ನು ನೇರ ವಾಪಸ್ ಕಳಿಸುತ್ತದೆ ಮೇಡಂ. ಹೊಸ ಬೂಸಾದ ಎಳೆಗಳ ನಡುವೆ ಗಾಳಿ ತುಂಬಿರುತ್ತದೆ, ಶಬ್ದ ಅಲ್ಲೇ ಇಂಗುತ್ತದೆ. ಸುರಿದಾಗ ಗುಡ್ಡೆಯೂ ಆಗುತ್ತದೆ. ಉಳಿದ ಶಬ್ದ ಇಳಿಜಾರಿಗೆ ಬಡಿದು ಪಕ್ಕಕ್ಕೆ ಹೋಗುತ್ತದೆ. 30000 ಮೈಕ್ರೊಸೆಕೆಂಡ್ ಮಿತಿಯೊಳಗೆ ಓದು ಮುಗಿಯದಿದ್ದರೆ `pulseIn` 0 ಕೊಡುತ್ತದೆ. ಆ 0 ಅನ್ನು ದೂರ ಅಂತ ತೆಗೆದುಕೊಂಡರೆ ಕಣಜ ತುಂಬಿದೆ ಅಂತ ಅರ್ಥವಾಗುತ್ತದೆ, ಅದು ಅಪಾಯ. 0 ಬಂದರೆ ಎಸೆದು ಹಿಂದಿನ ಓದನ್ನೇ ಇಟ್ಟುಕೊಳ್ಳಿ.

ವೈರೋ ಬೂಸಾವೋ ಅಂತ ತಿಳಿಯಲು ಸೆನ್ಸರ್‌ನ ನೇರ ಕೆಳಗೆ ಒಂದು ಪ್ಲೈವುಡ್ ಹಲಗೆ ಮಟ್ಟಸವಾಗಿ ಇಡಿ. ತಕ್ಷಣ ಓದು ಬಂದರೆ ವೈರ್ ಸರಿಯಿದೆ. ಒಂದು ಅಡಿ ಚೌಕದ ತೆಳು ಹಲಗೆಯನ್ನು ಅಲ್ಲೇ ಬಿಟ್ಟರೂ ನಡೆಯುತ್ತದೆ, ಬೂಸಾ ತೆಗೆದಂತೆ ಅದೂ ಇಳಿಯುತ್ತದೆ.

ಪ್ರಶ್ನೆ ಕೇಳಿದವರು: ಹಲಗೆ ಇಟ್ಟೆ ಸಾರ್, 0 ನಿಂತಿತು. ಆದರೆ ಒಂದು ಮೂಲೆಯಿಂದ ಬೂಸಾ ತೆಗೆದರೆ ಹಲಗೆ ವಾಲುತ್ತೆ, ಮತ್ತೆ 0.

ಉತ್ತರ: ನಡುವಿನಿಂದ ತೆಗೆಯಲು ಆಗುತ್ತದಾ? ಆಗದಿದ್ದರೆ ಕಣಜದ ಕೆಳಗೆ ತೂಕದ ಲೋಡ್ ಸೆಲ್ ಹಾಕುವುದೇ ವಾಸಿ ಅನ್ನಿಸುತ್ತದೆ. ಕಣಜದ ಕಾಲುಗಳ ಫೋಟೋ ಹಾಕಿ, ನೋಡಿ ಹೇಳುತ್ತೇನೆ.